ಚಿಕ್ಕ ಕೀಲಿ, ಗಟ್ಟಿ ಬೀಗ: ಎಲಿಪ್ಟಿಕ್ ವಕ್ರಗಳು ಗೂಢಲಿಪಿಗೆ ಬಂದ ಬಗೆ

ಯಾವುದಾದರೂ ಎರಡು ಮೂರು ಜಾಲತಾಣಗಳ ಭದ್ರತಾ ಪ್ರಮಾಣಪತ್ರದ ವಿವರಗಳನ್ನು ನಿಮ್ಮ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಅಲ್ಲಿ ಸಾರ್ವಜನಿಕ ಕೀಲಿಯ ಉದ್ದವನ್ನು ನಮೂದಿಸಿರುತ್ತಾರೆ. ಒಂದರಲ್ಲಿ 2048 ಬಿಟ್ ಎಂದಿದ್ದರೆ ಇನ್ನೊಂದರಲ್ಲಿ 256 ಬಿಟ್ ಎಂದಷ್ಟೇ ಇರಬಹುದು. ಮೊದಲನೆಯದು 617 ಅಂಕಿಗಳ ಸಂಖ್ಯೆ, ಎರಡನೆಯದು 78 ಅಂಕಿಗಳ ಸಂಖ್ಯೆ. ಕೀಲಿ ಉದ್ದವಾದಷ್ಟೂ ಬೀಗ ಗಟ್ಟಿ ಎಂದು ಕೇಳಿ ಬಲ್ಲ ವಿದ್ಯಾರ್ಥಿ ಮೊದಲನೆಯದೇ ಭದ್ರವೆಂದು ಹೇಳುತ್ತಾನೆ. ವಾಸ್ತವ ಇದಕ್ಕೆ ತದ್ವಿರುದ್ಧ. ಇವತ್ತಿನ ಕಂಪ್ಯೂಟರುಗಳ ಎದುರು 256 ಬಿಟ್‌ನ ಆ ಚಿಕ್ಕ ಕೀಲಿಯೇ ಹೆಚ್ಚು ಗಟ್ಟಿ.

ಚಿಕ್ಕ ಕೀಲಿಯ ಹಿಂದಿರುವುದು ಎಲಿಪ್ಟಿಕ್ ವಕ್ರ ಎಂಬ ಗಣಿತ ವಸ್ತು. ‘ಆ ಗಣಿತ ಹೆಚ್ಚು ಜಟಿಲ, ಆದ್ದರಿಂದ ಗಟ್ಟಿ’ ಎಂಬ ವಿವರಣೆಯನ್ನು ನೀವು ಕೇಳಿರಬಹುದು. ಅದು ಸರಿಯಾದ ವಿವರಣೆಯಲ್ಲ. ಕಾರಣ ಇರುವುದು ವಕ್ರದಲ್ಲಿ ಏನು ಇದೆ ಎನ್ನುವುದರಲ್ಲಲ್ಲ, ಏನು ಇಲ್ಲ ಎನ್ನುವುದರಲ್ಲಿ. ಸಾಮಾನ್ಯ ಸಂಖ್ಯೆಗಳಲ್ಲಿ ಕಳ್ಳನಿಗೆ ಸಿಗುವ ಒಂದು ಮೆಟ್ಟಿಲು ವಕ್ರದ ಬಿಂದುಗಳಲ್ಲಿ ಸಿಗುವುದಿಲ್ಲ. ಆ ಮೆಟ್ಟಿಲು ಯಾವುದು, ಅದು ಕಾಣೆಯಾದದ್ದು ಹೇಗೆ ಎಂಬುದನ್ನು ಕಾಗದ ಪೆನ್ಸಿಲ್ ಹಿಡಿದೇ ನೋಡೋಣ.

ಶೇಷಗಳ ಗಡಿಯಾರ

ಸಾರ್ವಜನಿಕ ಕೀಲಿಯ ಕಲ್ಪನೆಯನ್ನು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಪ್ರಕಟಿಸಿದರು. ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ಆರಿಸಿಕೊಂಡು, ಪ್ರತಿ ಗುಣಾಕಾರದ ನಂತರವೂ ಅದರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ನಮ್ಮ ಉದಾಹರಣೆಗೆ 101 ಸಾಕು. 2ರ ಘಾತಗಳನ್ನು ಬರೆಯುತ್ತ ಹೋಗಿ: 2, 4, 8, 16, 32, 64. ಮುಂದಿನದು 128, ಶೇಷ 27. ಅದರ ಮುಂದೆ 54. ನಂತರ 108, ಅಂದರೆ 7. ಹೀಗೆ 100 ಹೆಜ್ಜೆಗಳಲ್ಲಿ 1ರಿಂದ 100ರವರೆಗಿನ ಎಲ್ಲ ಸಂಖ್ಯೆಗಳೂ ಒಂದೊಂದು ಸಲ ಬಂದು, ಮತ್ತೆ ಮೊದಲಿನಿಂದ ಸುತ್ತು ಪ್ರಾರಂಭವಾಗುತ್ತದೆ. ಆದ್ದರಿಂದ ಘಾತಾಂಕಗಳನ್ನು ಲೆಕ್ಕ ಹಾಕುವಾಗ 100ರಿಂದ ಭಾಗಿಸಿದ ಶೇಷವನ್ನು ತೆಗೆದುಕೊಂಡರೆ ಸಾಕು.

ಘಾತಾಂಕ ತಿಳಿದಿದ್ದರೆ ಉತ್ತರವನ್ನು ಬೇಗನೆ ಕಂಡುಹಿಡಿಯಬಹುದು. ಉತ್ತರ ತಿಳಿದಿದ್ದು ಘಾತಾಂಕವನ್ನು ಹುಡುಕುವುದು ಕಷ್ಟ. 2ರ ಎಷ್ಟನೆಯ ಘಾತ 71 ಆಗುತ್ತದೆ? ಶೇಷಗಳು ಹಿಂದೆ ಮುಂದೆ ಜಿಗಿಯುವುದರಿಂದ ಸಾಮಾನ್ಯ ಲಾಗರಿಥಮ್‌ನಂತೆ ಅಂದಾಜು ಮಾಡಲು ಬರುವುದಿಲ್ಲ. ಈ ಹಿಮ್ಮುಖ ಲೆಕ್ಕವೇ ಬೀಗ, ಬಚ್ಚಿಟ್ಟ ಘಾತಾಂಕವೇ ಕೀಲಿ.

ಕಳ್ಳನ ಮೆಟ್ಟಿಲು

ಒಂದೊಂದೇ ಘಾತಾಂಕವನ್ನು ಪರೀಕ್ಷಿಸದೆ 71ರ ಘಾತಾಂಕವನ್ನು ಹುಡುಕುವ ಉಪಾಯವೊಂದಿದೆ. ಇದರ ಬೀಜ ಮಾರಿಸ್ ಕ್ರೈಚಿಕ್ 1922ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿದೆ. ಅದು ಗೂಢಲಿಪಿಯ ಬೀಗಗಳನ್ನು ಒಡೆಯುವ ಆಯುಧವಾಗಬಲ್ಲದೆಂದು 1979ರಲ್ಲಿ ಲೆನ್ ಏಡಲ್‌ಮನ್ ವಿಶ್ಲೇಷಿಸಿ ತೋರಿಸಿದರು.

ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ನೋಡಿ. 2ರ 7ನೆಯ ಘಾತ 27, ಅಂದರೆ 3 × 3 × 3. ಹಾಗಾದರೆ 3ರ ಘಾತಾಂಕದ ಮೂರರಷ್ಟು 7ಕ್ಕೆ ಸಮ. 100ರ ಶೇಷದಲ್ಲಿ ಇದನ್ನು ಬಿಡಿಸಿದರೆ 3ರ ಘಾತಾಂಕ 69. ತಾಳೆ ನೋಡಿ: 3 × 69 = 207, ಶೇಷ 7. ಇನ್ನು 2ರ 9ನೆಯ ಘಾತವೇ 7 ಆದ್ದರಿಂದ 7ರ ಘಾತಾಂಕ 9. ಹೀಗೆ ಕೆಲವೇ ಸಣ್ಣ ಅವಿಭಾಜ್ಯಗಳ ಘಾತಾಂಕಗಳು ಕೈಗೆ ಬಂದವು.

ಈಗ 71ನ್ನು 2ರಿಂದ ಗುಣಿಸುತ್ತ ಹೋಗಿ. 142, ಶೇಷ 41. ಇದು ಉಪಯೋಗಕ್ಕೆ ಬಾರದು. ಮುಂದೆ 82, ಇದೂ ಬೇಡ. ಮುಂದೆ 164, ಶೇಷ 63. ಇದು 3 × 3 × 7! ನಮಗೆ ಗೊತ್ತಿರುವ ಸಣ್ಣ ಅವಿಭಾಜ್ಯಗಳಿಂದಲೇ ಆದ ಸಂಖ್ಯೆ. ಆದ್ದರಿಂದ 71ರ ಘಾತಾಂಕಕ್ಕೆ 3 ಕೂಡಿಸಿದರೆ 69 + 69 + 9 = 147 ಬರಬೇಕು. ಅಂದರೆ ಘಾತಾಂಕ 144, ಶೇಷ ತೆಗೆದರೆ 44. 2ರ 44ನೆಯ ಘಾತವನ್ನು 101ರಿಂದ ಭಾಗಿಸಿದರೆ ಶೇಷ 71 ಬರುತ್ತದೆಯೇ ಎಂದು ನೀವೇ ಪರೀಕ್ಷಿಸಿ. ಮೂರೇ ಮೂರು ಗುಣಾಕಾರಗಳಲ್ಲಿ ಬೀಗ ತೆರೆಯಿತು.

ಉಪಾಯ ಫಲಿಸಿದ್ದಕ್ಕೆ ಕಾರಣ ಇಷ್ಟು: ಶೇಷಗಳು ಗಡಿಯಾರದ ಮುಳ್ಳಿನಂತೆ ಸುತ್ತುತ್ತಿದ್ದರೂ ಅವು ಸಾಮಾನ್ಯ ಪೂರ್ಣಾಂಕಗಳ ವೇಷದಲ್ಲೇ ಇರುತ್ತವೆ. ಪೂರ್ಣಾಂಕಗಳಿಗೆ ಚಿಕ್ಕದು ದೊಡ್ಡದು ಎಂಬ ಅಳತೆಯಿದೆ, ಅಪವರ್ತನಗಳಿವೆ, ಸಣ್ಣ ಅವಿಭಾಜ್ಯಗಳಿಂದಲೇ ಕಟ್ಟಿದ ಸಂಖ್ಯೆಗಳು ಧಾರಾಳವಾಗಿವೆ. 2, 3, 5, 7 ಈ ನಾಲ್ಕರಿಂದಲೇ ಆಗುವ ಸಂಖ್ಯೆಗಳು 1ರಿಂದ 100ರೊಳಗೆ 46 ಇವೆ. 1000ದೊಳಗೆ 141. ಸಂಖ್ಯೆಗಳ ವ್ಯಾಪ್ತಿ ಹತ್ತುಪಟ್ಟು ಹಿಗ್ಗಿದಾಗ ಇಂಥ ಸಂಖ್ಯೆ ಸಿಗುವ ಸಂಭವನೀಯತೆ ಸುಮಾರು ಮೂರನೇ ಒಂದು ಭಾಗಕ್ಕೆ ಮಾತ್ರ ಇಳಿಯಿತು. ಇನ್ನಷ್ಟು ಅವಿಭಾಜ್ಯಗಳನ್ನು ಪಟ್ಟಿಗೆ ಸೇರಿಸಿಕೊಂಡರೆ ಅದನ್ನೂ ಭರಿಸಬಹುದು. ಕೀಲಿಯನ್ನು ಉದ್ದ ಮಾಡಿದಷ್ಟು ವೇಗವಾಗಿ ಕಳ್ಳನ ಕಷ್ಟ ಬೆಳೆಯುವುದಿಲ್ಲ ಎಂಬ ಮಾತಿನ ಗುಟ್ಟು ಇಲ್ಲಿದೆ.

1977ರಲ್ಲಿ ಬಂದ ಆರ್‌ಎಸ್‌ಎ ಬೀಗದ ಕಥೆಯೂ ಇದೇ. ಅಲ್ಲಿ ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಒಡೆಯಬೇಕು. ಆದರೆ ಒಡೆಯುವ ಅತ್ಯುತ್ತಮ ವಿಧಾನಗಳು ನಿಂತಿರುವುದು ಸಣ್ಣ ಅವಿಭಾಜ್ಯಗಳಿಂದಾದ ಸಂಖ್ಯೆಗಳನ್ನು ಜರಡಿ ಹಿಡಿದು ಆರಿಸುವುದರ ಮೇಲೆಯೇ. ಆದ್ದರಿಂದ ಇವೆರಡೂ ಬೀಗಗಳ ಕೀಲಿಗಳು ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಬೆಳೆಯಬೇಕಾಯಿತು.

ಬ್ಯಾಷೆಯ ಸ್ಪರ್ಶಕ

ಈಗ ಕೆಲವು ಶತಮಾನಗಳಷ್ಟು ಹಿಂದಕ್ಕೆ ಹೋಗೋಣ. 1621ರಲ್ಲಿ ಫ್ರಾನ್ಸಿನ ಬ್ಯಾಷೆ, y² = x³ + c ಎಂಬ ರೂಪದ ಸಮೀಕರಣಗಳಿಗೆ ಒಂದು ಭಿನ್ನರಾಶಿ ಪರಿಹಾರ ಗೊತ್ತಿದ್ದರೆ ಅದರಿಂದ ಇನ್ನೊಂದನ್ನು ಪಡೆಯುವ ಸೂತ್ರವನ್ನು ಕಂಡುಕೊಂಡ. ಇವತ್ತಿನ ಭಾಷೆಯಲ್ಲಿ ಆ ಸೂತ್ರದ ಅರ್ಥ ಹೀಗೆ: ವಕ್ರದ ಮೇಲಿನ ಬಿಂದುವಿನಲ್ಲಿ ಸ್ಪರ್ಶಕವನ್ನು ಎಳೆಯಿರಿ. ಅದು ವಕ್ರವನ್ನು ಇನ್ನೊಂದೇ ಕಡೆ ಛೇದಿಸುತ್ತದೆ. ಆ ಛೇದನ ಬಿಂದುವೇ ಹೊಸ ಪರಿಹಾರ.

ಇದನ್ನು ಎರಡು ಬಿಂದುಗಳಿಗೂ ವಿಸ್ತರಿಸಬಹುದು. P ಮತ್ತು Q ಎಂಬ ಬಿಂದುಗಳ ಮೂಲಕ ಸರಳರೇಖೆ ಎಳೆಯಿರಿ. ಅದು ವಕ್ರವನ್ನು ಮೂರನೆಯ ಬಿಂದುವಿನಲ್ಲಿ ಛೇದಿಸುತ್ತದೆ. ಆ ಬಿಂದುವಿನ x-ಅಕ್ಷದ ಮೇಲಿನ ಪ್ರತಿಬಿಂಬವನ್ನು P + Q ಎಂದು ಕರೆಯೋಣ. ಈ ‘ಸಂಕಲನ’ ನಾವು ಬಲ್ಲ ಸಂಕಲನದ ನಿಯಮಗಳನ್ನೆಲ್ಲ ಪಾಲಿಸುತ್ತದೆ. ರೇಖೆ ನೇರವಾಗಿ ಮೇಲಕ್ಕೆ ಹೋಗಿ ಮೂರನೆಯ ಬಿಂದು ಸಿಗದಿದ್ದಾಗ ಉತ್ತರವನ್ನು ‘ಅನಂತದ ಬಿಂದು’ ಎನ್ನುತ್ತೇವೆ. ಇಲ್ಲಿ ಸೊನ್ನೆಯ ಪಾತ್ರ ಅದರದು. ಅಂದಹಾಗೆ, ಈ ವಕ್ರ ದೀರ್ಘವೃತ್ತವಲ್ಲ. ದೀರ್ಘವೃತ್ತದ ಕಂಸದ ಉದ್ದವನ್ನು ಅಳೆಯುವ ಲೆಕ್ಕದಲ್ಲಿ ಇಂಥ ಸಮೀಕರಣಗಳು ಎದುರಾದದ್ದರಿಂದ ಎಲಿಪ್ಟಿಕ್ ಎಂಬ ಹೆಸರು ಅಂಟಿಕೊಂಡಿತು.

ಗೂಢಲಿಪಿಗೆ ಬೇಕಾಗುವುದು ನುಣುಪಾದ ವಕ್ರವಲ್ಲ, ಶೇಷಗಳ ಲೋಕದಲ್ಲಿ ಅದೇ ಸಮೀಕರಣ. y² = x³ + 2x + 2 ಎಂಬುದನ್ನು 17ರ ಶೇಷಗಳಲ್ಲಿ ತೆಗೆದುಕೊಳ್ಳೋಣ. (5, 1) ಇದರ ಮೇಲಿದೆ: 125 + 10 + 2 = 137, ಶೇಷ 1. ಇದನ್ನು G ಎನ್ನೋಣ. ಚಿತ್ರ ಬರೆಯಲು ಆಗದಿದ್ದರೂ ರೇಖಾಗಣಿತದ ಸೂತ್ರಗಳು ಹಾಗೆಯೇ ಕೆಲಸ ಮಾಡುತ್ತವೆ. ಸ್ಪರ್ಶಕದ ಇಳಿಜಾರು (3x² + 2) / 2y, ಅಂದರೆ 77/2. 17ರ ಶೇಷದಲ್ಲಿ 77 ಎಂದರೆ 9. 2 × 9 = 18, ಅದರ ಶೇಷ 1 ಆದ್ದರಿಂದ 2ರಿಂದ ಭಾಗಿಸುವುದೂ 9ರಿಂದ ಗುಣಿಸುವುದೂ ಒಂದೇ. ಹೀಗಾಗಿ ಇಳಿಜಾರು 81, ಶೇಷ 13. ಹೊಸ x = 13² − 5 − 5 = 159, ಶೇಷ 6. ಹೊಸ y = 13 × (5 − 6) − 1 = −14, ಅಂದರೆ 3. ಆದ್ದರಿಂದ 2G = (6, 3).

ಹೀಗೆಯೇ G ಕೂಡುತ್ತ ಹೋದರೆ ಸಿಗುವ ಪಟ್ಟಿ ಇದು:

G = (5, 1)
2G = (6, 3)
3G = (10, 6)
4G = (3, 1)
5G = (9, 16)
6G = (16, 13)
7G = (0, 6)
8G = (13, 7)
9G = (7, 6)

10Gಯಿಂದ 18Gವರೆಗೆ ಇವೇ ಬಿಂದುಗಳ ಪ್ರತಿಬಿಂಬಗಳು ಹಿಮ್ಮುಖವಾಗಿ ಬರುತ್ತವೆ. 10G = (7, 11), ಕೊನೆಗೆ 18G = (5, 16). 19Gಗೆ ಅನಂತದ ಬಿಂದು. ಒಟ್ಟು 19 ಬಿಂದುಗಳು.

ಬೀಗ ಹೀಗೆ ಕೆಲಸ ಮಾಡುತ್ತದೆ. ಒಬ್ಬಾಕೆ 3ನ್ನು ಮನಸ್ಸಿನಲ್ಲಿ ಇಟ್ಟುಕೊಂಡು (10, 6) ಎಂಬ ಬಿಂದುವನ್ನು ಬಹಿರಂಗವಾಗಿ ಕಳಿಸುತ್ತಾಳೆ. ಇನ್ನೊಬ್ಬ 5ನ್ನು ಇಟ್ಟುಕೊಂಡು (9, 16) ಕಳಿಸುತ್ತಾನೆ. ಆಕೆ ತನಗೆ ಬಂದ ಬಿಂದುವಿನ 3ರಷ್ಟನ್ನು, ಆತ ತನಗೆ ಬಂದದ್ದರ 5ರಷ್ಟನ್ನು ಲೆಕ್ಕ ಹಾಕಿದರೆ ಇಬ್ಬರಿಗೂ 15G, ಅಂದರೆ (3, 16) ಸಿಗುತ್ತದೆ. ನಡುವೆ ಕದ್ದು ಕೇಳುವವನು ಬಿಂದುವನ್ನು ನೋಡಿ ಎಷ್ಟು ಸಲ G ಕೂಡಿದ್ದಾರೆಂದು ಹೇಳಬೇಕು. ನಿಜವಾದ ವಕ್ರದಲ್ಲಿ 78 ಅಂಕಿಗಳಷ್ಟು ಬಿಂದುಗಳಿರುತ್ತವೆ. ಗುಟ್ಟು ಬಲ್ಲವರಿಗೆ ಲೆಕ್ಕ ಸುಲಭ: ಬಿಂದುವನ್ನು ಮತ್ತೆ ಮತ್ತೆ ಇಮ್ಮಡಿ ಮಾಡುತ್ತ, ನಡುನಡುವೆ ಕೂಡುತ್ತ ಹೋದರೆ ಹೆಚ್ಚೆಂದರೆ ಐನೂರು ಹೆಜ್ಜೆಗಳಲ್ಲಿ ಮುಗಿಯುತ್ತದೆ. ಗುಟ್ಟು ಅರಿಯದವನಿಗೆ ಆ ಅಡ್ಡದಾರಿ ಇಲ್ಲ.

1985: ಇಬ್ಬರಿಗೆ ಒಂದೇ ಯೋಚನೆ

1984ರಲ್ಲಿ ಐಬಿಎಂ ಸಂಸ್ಥೆಯ ಡಾನ್ ಕಾಪರ್‌ಸ್ಮಿತ್, ಎರಡರ ಘಾತದಷ್ಟು ಸದಸ್ಯರಿರುವ ಒಂದು ಬಗೆಯ ಗಣಿತ ವ್ಯವಸ್ಥೆಯಲ್ಲಿ ಮೇಲಿನ ಮೆಟ್ಟಿಲಿನ ಉಪಾಯವನ್ನು ಬಹಳ ಚುರುಕುಗೊಳಿಸಿದರು. ಭದ್ರವೆಂದು ಭಾವಿಸಿದ್ದ 127 ಬಿಟ್‌ನ ವ್ಯವಸ್ಥೆ ಅಂದಿನ ಕಂಪ್ಯೂಟರುಗಳ ಅಳವಿಗೆ ಬಂತು. ಇದೇ ಹೊತ್ತಿನಲ್ಲಿ ಹೆಂಡ್ರಿಕ್ ಲೆನ್‌ಸ್ಟ್ರಾ ಎಲಿಪ್ಟಿಕ್ ವಕ್ರಗಳನ್ನು ಬಳಸಿ ದೊಡ್ಡ ಸಂಖ್ಯೆಗಳನ್ನು ಒಡೆಯುವ ಹೊಸ ವಿಧಾನವನ್ನು ರೂಪಿಸಿದರು. ಅಂದರೆ ಈ ವಕ್ರಗಳು ಗೂಢಲಿಪಿಯ ಜಗತ್ತಿಗೆ ಮೊದಲು ಬಂದದ್ದು ಬೀಗ ಒಡೆಯುವ ಸಲಕರಣೆಯಾಗಿ.

ವಕ್ರವನ್ನೇ ಬೀಗವಾಗಿಸುವ ಯೋಚನೆ 1985ರಲ್ಲಿ ಇಬ್ಬರಿಗೆ ಬೇರೆಬೇರೆಯಾಗಿ ಹೊಳೆಯಿತು. ಒಬ್ಬರು ವಾಷಿಂಗ್ಟನ್ ವಿಶ್ವವಿದ್ಯಾಲಯದ ನೀಲ್ ಕೊಬ್ಲಿಟ್ಸ್. ಲೆನ್‌ಸ್ಟ್ರಾರ ವಿಧಾನದ ಸುದ್ದಿ ತಿಳಿದಿದ್ದ ಅವರು ಸೋವಿಯತ್ ಒಕ್ಕೂಟದಲ್ಲಿದ್ದಾಗ ತಮ್ಮ ಯೋಚನೆಯನ್ನು ಆಂಡ್ರ್ಯೂ ಓಡ್ಲಿಜ್ಕೊ ಅವರಿಗೆ ಪತ್ರದಲ್ಲಿ ಬರೆದರು. ಐಬಿಎಂನ ವಿಕ್ಟರ್ ಮಿಲ್ಲರ್ ಕೂಡ ಇದನ್ನೇ ಸೂಚಿಸುತ್ತಿದ್ದಾರೆಂದು ಉತ್ತರ ಬಂತು. ಮಿಲ್ಲರ್ ಅದೇ ವರ್ಷ ನಡೆದ ಗೂಢಲಿಪಿ ಸಮ್ಮೇಳನದಲ್ಲಿ ತಮ್ಮ ಪ್ರಬಂಧವನ್ನು ಮಂಡಿಸಿದರು. ಕೊಬ್ಲಿಟ್ಸರ ಪ್ರಬಂಧ 1987ರಲ್ಲಿ ಪ್ರಕಟವಾಯಿತು.

ಮಿಲ್ಲರ್ ಕೇಳಿದ ಪ್ರಶ್ನೆ

ಹೊಸ ಬೀಗವನ್ನು ಸೂಚಿಸುವುದು ಸುಲಭ. ಹಳೆಯ ಕಳ್ಳದಾರಿ ಇಲ್ಲಿಗೂ ಬಂದು ಸೇರುವುದೇ ಎಂದು ಕೇಳುವುದು ಮುಖ್ಯ. ಮಿಲ್ಲರ್ ಕೇಳಿದ್ದು ಅದನ್ನೇ: ವಕ್ರದ ಬಿಂದುಗಳಲ್ಲಿ ‘ಸಣ್ಣ ಅವಿಭಾಜ್ಯ’ಗಳ ಸ್ಥಾನದಲ್ಲಿ ನಿಲ್ಲುವಂಥದ್ದು ಏನಾದರೂ ಇದೆಯೇ?

ಮೊದಲು ನಮ್ಮ ಪಟ್ಟಿಯಲ್ಲೇ ಹುಡುಕೋಣ. 2Gಯ x-ನಿರ್ದೇಶಾಂಕ 6. ಸಂಖ್ಯೆಯಾಗಿ 6 = 2 × 3. ಹಾಗಾದರೆ ಈ ಬಿಂದುವನ್ನು x = 2 ಮತ್ತು x = 3 ಇರುವ ಬಿಂದುಗಳಾಗಿ ಬಿಡಿಸಬಹುದೇ? x = 3 ಇರುವ ಬಿಂದು ಇದೆ, ಅದು 4G. ಆದರೆ x = 2 ಇರುವ ಬಿಂದುವೇ ವಕ್ರದ ಮೇಲಿಲ್ಲ. ಇದ್ದಿದ್ದರೂ ಉಪಯೋಗವಾಗುತ್ತಿರಲಿಲ್ಲ, ಏಕೆಂದರೆ ಬಿಂದುಗಳನ್ನು ಕೂಡುವಾಗ ನಿರ್ದೇಶಾಂಕಗಳು ಪರಸ್ಪರ ಗುಣಿಸಿಕೊಳ್ಳುವುದಿಲ್ಲ. ಅವು ಇಳಿಜಾರಿನ ಸೂತ್ರದೊಳಗೆ ಹೊಕ್ಕು ಗುರುತೇ ಸಿಗದಂತೆ ಹೊರಬರುತ್ತವೆ. ನಿರ್ದೇಶಾಂಕದ ಸಣ್ಣತನಕ್ಕೆ ಇಲ್ಲಿ ಅರ್ಥವಿಲ್ಲ.

ಹಟ ಬಿಡದ ಕಳ್ಳ ಇನ್ನೊಂದು ದಾರಿ ಯೋಚಿಸಬಹುದು. 101ರ ಶೇಷಗಳಲ್ಲಿ ನಾವು 63ನ್ನು ಸಾಮಾನ್ಯ ಪೂರ್ಣಾಂಕವೆಂದು ಓದಿ ಅಪವರ್ತಿಸಿದೆವಲ್ಲವೇ? ಹಾಗೆಯೇ ಶೇಷಗಳ ಲೋಕದ ಬಿಂದುವನ್ನು ಸಾಮಾನ್ಯ ಭಿನ್ನರಾಶಿಗಳ ಲೋಕದ ವಕ್ರಕ್ಕೆ ‘ಎತ್ತಿ’, ಅಲ್ಲಿ ಸಣ್ಣ ಬಿಂದುಗಳಾಗಿ ಬಿಡಿಸಬಾರದೇಕೆ? ಭಿನ್ನರಾಶಿಗಳಲ್ಲಿ ಬಿಂದುವಿನ ಗಾತ್ರಕ್ಕೆ ಅರ್ಥವಿದೆ. ಅಂಶ ಮತ್ತು ಛೇದಗಳಲ್ಲಿ ಎಷ್ಟು ಅಂಕಿಗಳಿವೆ ಎಂಬುದೇ ಆ ಗಾತ್ರ.

ಇದಕ್ಕೆ ಸಿಗುವ ಉತ್ತರವನ್ನು ಬ್ಯಾಷೆಯ ಬಗೆಯ ಒಂದು ವಕ್ರದಲ್ಲೇ ಕಣ್ಣಾರೆ ನೋಡಬಹುದು. y² = x³ − 2 ಎಂಬುದರ ಮೇಲೆ P = (3, 5) ಇದೆ, ಏಕೆಂದರೆ 25 = 27 − 2. ಇದರ ಗುಣಕಗಳ x-ನಿರ್ದೇಶಾಂಕಗಳು ಹೀಗಿವೆ:

P : 3
2P : 129/100
3P : 164323/29241
4P : 2340922881/58675600

ಅಂಶದ ಅಂಕಿಗಳನ್ನು ಎಣಿಸಿ: 1, 3, 6, 10. 8Pಗೆ ಬರುವಷ್ಟರಲ್ಲಿ ಅಂಶವೊಂದರಲ್ಲೇ 38 ಅಂಕಿಗಳಾಗುತ್ತವೆ. ಗುಣಕ ಎರಡು ಪಟ್ಟಾದಾಗ ಅಂಕಿಗಳ ಸಂಖ್ಯೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಅಂಕಿಗಳ ಸಂಖ್ಯೆಯೇ ಗುಣಕದ ವರ್ಗದಂತೆ ಬೆಳೆಯುತ್ತಿದೆ ಎಂದಾಯಿತು. ಆದ್ದರಿಂದ ಭಿನ್ನರಾಶಿಗಳ ವಕ್ರದಲ್ಲಿ ಸಣ್ಣ ಬಿಂದುಗಳು ಬೆರಳೆಣಿಕೆಯಷ್ಟು ಮಾತ್ರ. 1ರಿಂದ 100ರೊಳಗೆ ನಮಗೆ ಸಿಕ್ಕ 46 ಅನುಕೂಲದ ಸಂಖ್ಯೆಗಳಂಥ ಸಮೃದ್ಧಿ ಇಲ್ಲಿಲ್ಲ. ಶೇಷಲೋಕದ ಯಾದೃಚ್ಛಿಕ ಬಿಂದುವೊಂದನ್ನು ಎತ್ತಿದರೆ ಅದು ಬರೆದಿಡಲೂ ಆಗದಷ್ಟು ದೈತ್ಯ ಭಿನ್ನರಾಶಿಯಾಗುತ್ತದೆ. ಹಳೆಯ ಉಪಾಯ ವಕ್ರಗಳಿಗೆ ಹೊಂದಲಾರದೆಂದು ಮಿಲ್ಲರ್ 1985ರಲ್ಲೇ ವಾದಿಸಿದ್ದು ಈ ಬೆಳವಣಿಗೆಯ ಆಧಾರದ ಮೇಲೆ.

ಇದನ್ನು ಸುಳ್ಳಾಗಿಸುವ ಗಂಭೀರ ಪ್ರಯತ್ನವೂ ನಡೆಯಿತು. 1998ರಲ್ಲಿ ಜೋಸೆಫ್ ಸಿಲ್ವರ್‌ಮನ್ ಕ್ರಮವನ್ನೇ ತಿರುವುಮುರುವು ಮಾಡಿದರು. ಮೊದಲು ಬಿಂದುಗಳನ್ನು ಎತ್ತಿ, ಆಮೇಲೆ ಅವುಗಳ ಮೂಲಕ ಹಾದುಹೋಗುವ ವಕ್ರವನ್ನು ಹುಡುಕುವುದು ಅವರ ಉಪಾಯ. 2000ದಲ್ಲಿ ಸಿಲ್ವರ್‌ಮನ್, ಕೊಬ್ಲಿಟ್ಸ್ ಮತ್ತು ಇತರ ಮೂವರು ಸೇರಿ ಪ್ರಕಟಿಸಿದ ಅಧ್ಯಯನ, ಆ ದಾರಿಯೂ ಕಾರ್ಯಸಾಧ್ಯವಲ್ಲ ಎಂದು ತೋರಿಸಿತು.

ಉಳಿದದ್ದು ವರ್ಗಮೂಲದ ದಾರಿ

ಮೆಟ್ಟಿಲು ಇಲ್ಲದಿದ್ದರೆ ಕಳ್ಳನಿಗೆ ಉಳಿಯುವ ಅತ್ಯುತ್ತಮ ದಾರಿ ಯಾವುದು? ಒಂದು ತರಗತಿಯಲ್ಲಿ 23 ಜನರಿದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂಬುದನ್ನು ನೀವು ಓದಿರುತ್ತೀರಿ. 365ಕ್ಕೆ 23 ಎಂದರೆ ಹೆಚ್ಚುಕಡಿಮೆ ವರ್ಗಮೂಲದ ಪ್ರಮಾಣ. ಜಾನ್ ಪೊಲಾರ್ಡ್ 1978ರಲ್ಲಿ ಪ್ರಕಟಿಸಿದ ವಿಧಾನ ಇದೇ ತತ್ತ್ವವನ್ನು ಬಳಸುತ್ತದೆ.

ನಮ್ಮ 19 ಬಿಂದುಗಳಲ್ಲಿ Q = (16, 4) ಎಂಬುದು Gಯ ಎಷ್ಟರಷ್ಟು ಎಂದು ಗೊತ್ತಿಲ್ಲವೆಂದುಕೊಳ್ಳಿ. G ಮತ್ತು Qಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಕೂಡುತ್ತ, ಬಂದ ಬಿಂದುಗಳನ್ನು ಬರೆದಿಡಿ. ಒಮ್ಮೆ 3G + 2Q ಲೆಕ್ಕ ಹಾಕಿದಾಗ (7, 11) ಬರುತ್ತದೆ. ಇನ್ನೊಮ್ಮೆ 2G + 5Q ಲೆಕ್ಕ ಹಾಕಿದಾಗಲೂ (7, 11) ಬರುತ್ತದೆ. ಎರಡೂ ಒಂದೇ ಬಿಂದುವಾದ್ದರಿಂದ G = 3Q. ಅಂದರೆ ಬೇಕಾದ ಸಂಖ್ಯೆಯ ಮೂರರಷ್ಟನ್ನು 19ರಿಂದ ಭಾಗಿಸಿದಾಗ ಶೇಷ 1 ಬರಬೇಕು. 3 × 13 = 39, ಶೇಷ 1. ಆದ್ದರಿಂದ Q = 13G. ಇಂಥ ಒಂದು ಢಿಕ್ಕಿ ಸಾಕು, ಗುಟ್ಟು ಬಯಲಾಗುತ್ತದೆ.

ಢಿಕ್ಕಿಗಾಗಿ ಕಾಯಬೇಕಾದ ಹೆಜ್ಜೆಗಳು ಬಿಂದುಗಳ ಸಂಖ್ಯೆಯ ವರ್ಗಮೂಲದಷ್ಟು. 256 ಬಿಟ್‌ನ ವಕ್ರಕ್ಕೆ ಅದು 2ರ 128ನೆಯ ಘಾತ, ಸುಮಾರು 3.4 × 10³⁸. ಸೆಕೆಂಡಿಗೆ ಹತ್ತು ಲಕ್ಷ ಕೋಟಿ ಬಿಂದುಗಳನ್ನು ಕೂಡುವ ಯಂತ್ರವಿದ್ದರೂ 10¹⁸ ವರ್ಷಗಳು ಬೇಕು. ವಿಶ್ವದ ಈಗಿನ ವಯಸ್ಸು ಸುಮಾರು 1.38 × 10¹⁰ ವರ್ಷಗಳು ಮಾತ್ರ.

ಉದ್ದಗಳನ್ನು ಅಕ್ಕಪಕ್ಕ ಇಟ್ಟಾಗ

‘128 ಬಿಟ್‌ನ ಬಲ’ ಎಂದರೆ ಒಡೆಯಲು ಸುಮಾರು 2ರ 128ನೆಯ ಘಾತದಷ್ಟು ಹೆಜ್ಜೆಗಳು ಬೇಕು ಎಂದರ್ಥ. ಅಮೆರಿಕದ ಮಾನಕಗಳ ರಾಷ್ಟ್ರೀಯ ಸಂಸ್ಥೆ ಕೊಟ್ಟಿರುವ ಹೋಲಿಕೆ ಹೀಗಿದೆ:

| ಬಲ (ಬಿಟ್) | ಆರ್‌ಎಸ್‌ಎ ಕೀಲಿ | ಎಲಿಪ್ಟಿಕ್ ವಕ್ರದ ಕೀಲಿ |
|---|---|---|
| 112 | 2048 | 224 |
| 128 | 3072 | 256 |
| 192 | 7680 | 384 |
| 256 | 15360 | 512 |

ಬಲಗಡೆಯ ಸಾಲನ್ನು ನೋಡಿ. ಕೀಲಿ ಯಾವಾಗಲೂ ಬಲದ ಎರಡು ಪಟ್ಟು. ಇದು ವರ್ಗಮೂಲದ ಗುರುತು. ಮಧ್ಯದ ಸಾಲಿನಲ್ಲಿ ಅಂಥ ಸರಳ ಅನುಪಾತವಿಲ್ಲ. ಬಲವನ್ನು 128ರಿಂದ 256ಕ್ಕೆ ಏರಿಸಲು ಆರ್‌ಎಸ್‌ಎ ಕೀಲಿ ಐದು ಪಟ್ಟು ಬೆಳೆಯಬೇಕು. 1990ರ ವೇಳೆಗೆ ರೂಪುಗೊಂಡ ಸಂಖ್ಯಾಕ್ಷೇತ್ರ ಜರಡಿ ಎಂಬ ವಿಧಾನದಲ್ಲಿ ಕಳ್ಳನ ಶ್ರಮದ ಬಿಟ್‌ಗಳು ಕೀಲಿಯ ಉದ್ದದ ಘನಮೂಲದ ಆಸುಪಾಸಿನಲ್ಲಿ ನಿಧಾನವಾಗಿ ಬೆಳೆಯುವುದೇ ಇದಕ್ಕೆ ಕಾರಣ. ಮೊದಲೆರಡು ಸಾಲುಗಳ ಅಂತರವೂ ಗಮನಾರ್ಹ. ಕಳ್ಳನ ಕೆಲಸವನ್ನು 65,536 ಪಟ್ಟು ಹೆಚ್ಚಿಸಲು ಆರ್‌ಎಸ್‌ಎಗೆ 1024 ಬಿಟ್ ಸೇರಿಸಬೇಕು, ವಕ್ರಕ್ಕೆ 32 ಬಿಟ್ ಸಾಕು. ಚಿಕ್ಕ ಕೀಲಿಯೆಂದರೆ ಕಡಿಮೆ ಸ್ಮೃತಿ, ಕಡಿಮೆ ಗುಣಾಕಾರ, ಕಡಿಮೆ ವಿದ್ಯುತ್ತು. ಸ್ಮಾರ್ಟ್‌ಕಾರ್ಡಿನಂಥ ಪುಟ್ಟ ಚಿಪ್‌ಗೆ ಇದೇ ನಿರ್ಣಾಯಕ.

ಈ ಪಟ್ಟಿ ಕೇವಲ ಕಾಗದದ ಮೇಲಿನ ಲೆಕ್ಕವಲ್ಲ. 2009ರ ಡಿಸೆಂಬರಿನಲ್ಲಿ 768 ಬಿಟ್‌ನ ಆರ್‌ಎಸ್‌ಎ ಸಂಖ್ಯೆಯನ್ನು ಸಂಶೋಧಕರ ತಂಡವೊಂದು ಒಡೆಯಿತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಸುಮಾರು 200 ಪ್ಲೇಸ್ಟೇಷನ್ 3 ಆಟದ ಯಂತ್ರಗಳನ್ನು ಜೋಡಿಸಿ ವಕ್ರದ ಬೀಗವೊಂದನ್ನು ತೆರೆದರು. ಅದರ ಉದ್ದ 112 ಬಿಟ್ ಮಾತ್ರ. 2020ರಲ್ಲಿ 829 ಬಿಟ್‌ನ ಆರ್‌ಎಸ್‌ಎ ಸಂಖ್ಯೆಯೂ ಒಡೆಯಿತು.

ಎಲ್ಲ ವಕ್ರಗಳೂ ಗಟ್ಟಿಯಲ್ಲ

ಮೆಟ್ಟಿಲು ಇಲ್ಲ ಎಂಬ ಮಾತು ಎಲ್ಲ ವಕ್ರಗಳಿಗೂ ಅನ್ವಯಿಸುವುದಿಲ್ಲ. 1991ರಲ್ಲಿ ಮೆನೆಜೆಸ್, ಒಕಾಮೊಟೊ ಮತ್ತು ವಾನ್‌ಸ್ಟೋನ್ ಎಂಬ ಮೂವರು ಒಂದು ವರ್ಗದ ವಕ್ರಗಳಲ್ಲಿ ಗುಪ್ತದ್ವಾರವನ್ನು ಕಂಡರು. ಅಂಥ ವಕ್ರದ ಬಿಂದುಗಳ ಲೆಕ್ಕವನ್ನು ಸಾಮಾನ್ಯ ಗುಣಾಕಾರದ ಲೋಕಕ್ಕೆ ಸಾಗಿಸಬಹುದು. ಅಲ್ಲಿ ಅಪವರ್ತನಗಳು ಮತ್ತೆ ಪ್ರತ್ಯಕ್ಷವಾಗುತ್ತವೆ, ಮೆಟ್ಟಿಲು ಮರಳಿ ಸಿಗುತ್ತದೆ. ಲೆಕ್ಕ ಸುಲಭವಾಗುತ್ತದೆಂದು ಹಲವರು ಇಷ್ಟಪಟ್ಟಿದ್ದು ಇದೇ ವಕ್ರಗಳನ್ನು! ಬಿಂದುಗಳ ಸಂಖ್ಯೆ ಆರಿಸಿಕೊಂಡ ಅವಿಭಾಜ್ಯಕ್ಕೆ ಸರಿಸಮನಾಗಿದ್ದರೆ ಬೀಗ ಇನ್ನೂ ಸುಲಭವಾಗಿ ತೆರೆಯುತ್ತದೆಂದು 1990ರ ದಶಕದ ಕೊನೆಯಲ್ಲಿ ತಿಳಿಯಿತು. ಆದ್ದರಿಂದ ವಕ್ರವನ್ನು ಬಳಕೆಗೆ ತರುವ ಮೊದಲು ಅದರ ಬಿಂದುಗಳನ್ನು ಎಣಿಸಿ ಪರೀಕ್ಷಿಸುತ್ತಾರೆ. ದೊಡ್ಡ ವಕ್ರಗಳಲ್ಲಿ ಒಂದೊಂದಾಗಿ ಎಣಿಸದೆ ಸಂಖ್ಯೆಯನ್ನು ಪಡೆಯುವ ವಿಧಾನವನ್ನು ರೆನೆ ಸ್ಕೂಫ್ ಪ್ರಕಟಿಸಿದ್ದೂ 1985ರಲ್ಲೇ.

ಇನ್ನೊಂದು ಮಿತಿ ಭೌತವಿಜ್ಞಾನದ ಕಡೆಯಿಂದ ಬಂದಿದೆ. 1994ರಲ್ಲಿ ಪೀಟರ್ ಶೋರ್ ತೋರಿಸಿದ ಕ್ವಾಂಟಮ್ ವಿಧಾನಕ್ಕೆ ಸಣ್ಣ ಅವಿಭಾಜ್ಯಗಳ ಮೆಟ್ಟಿಲೇ ಬೇಡ. ಅದು ಹುಡುಕುವುದು ಆವರ್ತನೆಯನ್ನು, ಎಷ್ಟು ಹೆಜ್ಜೆಗಳಿಗೆ ಸುತ್ತು ಮರಳುತ್ತದೆ ಎಂಬುದನ್ನು. ಸುತ್ತು ವಕ್ರದಲ್ಲೂ ಇದೆ. ಹೀಗಾಗಿ ಸಾಕಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ನಿರ್ಮಾಣವಾದರೆ ಎರಡೂ ಬೀಗಗಳು ಬೀಳುತ್ತವೆ. ಆಗ ಚಿಕ್ಕ ಕೀಲಿ ಅನುಕೂಲವಲ್ಲ, ತೊಡಕು: ಚಿಕ್ಕ ಸಂಖ್ಯೆಗಳಿಗೆ ಚಿಕ್ಕ ಕ್ವಾಂಟಮ್ ಯಂತ್ರ ಸಾಕಾಗುವುದರಿಂದ, ಸಮಾನ ಬಲದ ಆರ್‌ಎಸ್‌ಎಗಿಂತ ವಕ್ರದ ಬೀಗವೇ ಮೊದಲು ತೆರೆಯಬಹುದು. ಇಂಥ ದಾಳಿಯನ್ನು ತಡೆಯಲೆಂದು ರೂಪಿಸಿದ ಹೊಸ ಬಗೆಯ ಮಾನಕಗಳು 2024ರಲ್ಲಿ ಪ್ರಕಟವಾಗಿವೆ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ವಕ್ರಗಳಲ್ಲಿ ಮೆಟ್ಟಿಲು ಇಲ್ಲವೆಂದು ಯಾರೂ ಸಾಧಿಸಿಲ್ಲ. 1985ರಿಂದ ಹುಡುಕಿದವರಿಗೆ, ಚೆನ್ನಾಗಿ ಆರಿಸಿದ ವಕ್ರಗಳಲ್ಲಿ ಅದು ಸಿಕ್ಕಿಲ್ಲ, ಅಷ್ಟೇ. 256 ಎಂಬ ಸಂಖ್ಯೆ ನಿಂತಿರುವುದು ಪ್ರಮೇಯದ ಮೇಲಲ್ಲ, ಈ ಸಿಗದಿರುವಿಕೆಯ ಮೇಲೆ.

ತರಗತಿಯಲ್ಲಿ ಮಾಡಿಸಲು ಒಂದು ಅಭ್ಯಾಸ: 19ರ ಶೇಷಗಳಲ್ಲಿ y² = x³ + x + 4 ಎಂಬ ವಕ್ರವನ್ನು ತೆಗೆದುಕೊಳ್ಳಿ. 19ರ ಶೇಷಗಳಲ್ಲಿ ವರ್ಗಗಳು 0, 1, 4, 5, 6, 7, 9, 11, 16, 17 ಮಾತ್ರ. xಗೆ 0ಯಿಂದ 18ರವರೆಗೆ ಬೆಲೆ ಕೊಟ್ಟು, ಬಲಬದಿ ಸೊನ್ನೆಯಲ್ಲದ ವರ್ಗವಾದಾಗಲೆಲ್ಲ ಎರಡು ಬಿಂದುಗಳನ್ನೂ ಸೊನ್ನೆಯಾದರೆ ಒಂದು ಬಿಂದುವನ್ನೂ ಎಣಿಸಿ. ಕೊನೆಗೆ ಅನಂತದ ಬಿಂದುವನ್ನು ಸೇರಿಸಿ. ಬಂದ ಮೊತ್ತವನ್ನು 19ರೊಂದಿಗೆ ಹೋಲಿಸಿ, ಈ ವಕ್ರದಿಂದ ಬೀಗ ಮಾಡಬಹುದೇ ಎಂದು ನೀವೇ ತೀರ್ಮಾನಿಸಿ.